ಕೇಜಿಗೆ ಎಂಟು ರೂಪಾಯಿ

ನಮ್ಮವ್ವ ತಿಪಟೂರಿನ ಕಾಯಿಪುಡಿ ಫ್ಯಾಕ್ಟರಿಯೊಂದರಲ್ಲಿ ಹನ್ನೊಂದು ವರ್ಷ ಕಾಯಿ ಹೆರೆದಳು. ಕೊನೆಯ ಎರಡು ವರ್ಷ ಅದೇ ಫ್ಯಾಕ್ಟರಿಯ ಆಫೀಸಿನಲ್ಲಿ ನಾನು ಲೆಕ್ಕ ನೋಡುತ್ತಿದ್ದೆ. ಅವಳ ಕೆಲಸ ಹೋದದ್ದು ನನ್ನ ಲೆಕ್ಕದಿಂದ. ಇದನ್ನು ಸುತ್ತಿ ಬಳಸಿ ಹೇಳುವುದು ನನಗೆ ಚೆನ್ನಾಗಿ ಬರುತ್ತದೆ, ಎಷ್ಟೋ ಜನರಿಗೆ ಹಾಗೆ ಹೇಳಿಯೂ ಇದ್ದೇನೆ. ಇಲ್ಲಿ ಬೇಡ.

ಹೊನ್ನವಳ್ಳಿಯಿಂದ ಬೆಳಗಿನ ಬಸ್ಸಿಗೆ ಇಬ್ಬರೂ ಒಟ್ಟಿಗೆ ಹೊರಡುತ್ತಿದ್ದೆವು. ಗೇಟು ದಾಟಿದ ಮೇಲೆ ಅವಳು ಶೆಡ್ಡಿನ ಕಡೆ, ನಾನು ಆಫೀಸಿನ ಮೆಟ್ಟಿಲ ಕಡೆ. 'ಹೋಗ್ರಮ್ಮ ಆಫೀಸ್ನೋರು, ಫ್ಯಾನ್ ಕೆಳಗೆ ಕೂತ್ಕಳಿ' ಎಂದು ಛೇಡಿಸುವಳು. ಶೆಡ್ಡಿನಲ್ಲಿ ಇಪ್ಪತ್ತೆರಡು ಹೆಂಗಸರು ಸಾಲಾಗಿ ಕೂರುತ್ತಿದ್ದರು. ಗಂಡಸರು ಚಿಪ್ಪು ಒಡೆದು ಬಿಡಿಸಿದ ಗುಂಡು ಕಾಯಿ ಇವರ ಮುಂದೆ ಬರುತ್ತಿತ್ತು. ಅದರ ಮೈಮೇಲಿನ ಕಂದು ಸಿಪ್ಪೆಯನ್ನು ಚಾಕುವಿನಲ್ಲಿ ತೆಳ್ಳಗೆ ಹೆರೆದು ತೆಗೆದರೆ ಕಾಯಿ ಹಾಲಿನ ಬಣ್ಣಕ್ಕೆ ಬರುತ್ತದೆ. ಅದನ್ನು ತೊಳೆದು, ಪುಡಿ ಮಾಡಿ, ಡ್ರೈಯರಿನಲ್ಲಿ ಒಣಗಿಸಿದರೆ ಬೇಕರಿಗಳಿಗೆ ಹೋಗುವ ಬಿಳಿ ಪುಡಿ. ಅವ್ವ ಹೆರೆದ ಸಿಪ್ಪೆ ಒಮ್ಮೊಮ್ಮೆ ಕಾಯಿಯ ಸುತ್ತಲೂ ಒಂದೇ ಎಳೆಯಾಗಿ ಬರುತ್ತಿತ್ತು. ಅದನ್ನು ಪಕ್ಕದವಳ ಕೊರಳಿಗೆ ಹಾಕಿ ನಗುತ್ತಿದ್ದಳು.

ಹೊರದೇಶದ ಪುಡಿ ಅಗ್ಗಕ್ಕೆ ಬರತೊಡಗಿದ ಕಾಲ ಅದು. ಬಿಳಿ ಪುಡಿ ಕೊಳ್ಳುತ್ತಿದ್ದವರು ಒಬ್ಬೊಬ್ಬರಾಗಿ ಕೈಬಿಟ್ಟರು. ಇನ್ನೇನು ಬಾಗಿಲು ಹಾಕಬೇಕು ಅನ್ನುವಾಗ ಬೆಂಗಳೂರಿನ ಬಿಸ್ಕತ್ತು ಕಂಪನಿಯವರೊಬ್ಬರು ಬಂದರು. ಒಳಗೆ ಬೆಲ್ಲ, ಕಾಯಿಯ ಹೂರಣವಿರುವ ಹೊಸ ಬಿಸ್ಕತ್ತು ಮಾಡುತ್ತೇವೆ, ನೀವು ಮಾಡುವ ಪುಡಿಯೆಲ್ಲ ನಮಗೇ ಬೇಕು, ಆದರೆ ನಮ್ಮ ಗೋಡೌನಿಗೆ ತಲುಪಿಸಿ ಕೇಜಿಗೆ ಐವತ್ತು ರೂಪಾಯಿ, ಅದರ ಮೇಲೆ ಒಂದು ಪೈಸೆಯೂ ಇಲ್ಲ ಎಂದರು. ಅಂಗಡಿಯಲ್ಲಿ ಬಿಸ್ಕತ್ತು ಪ್ಯಾಕಿನ ಬೆಲೆ ಎಷ್ಟಿರಬೇಕೆಂದು ಅವರು ಮೊದಲೇ ಗೊತ್ತುಮಾಡಿಕೊಂಡಿದ್ದರು.

ನಮಗೆ ಒಂದು ಕೇಜಿಗೆ ಬೀಳುತ್ತಿದ್ದದ್ದೇ ಐವತ್ತಮೂರು. 'ಆಗಾಕಿಲ್ಲ ಅಂತ ಹೇಳಿ ಕಳ್ಸೋದೇಯ' ಎಂದು ಫ್ಯಾಕ್ಟರಿಯ ಯಜಮಾನರು ಎದ್ದರು. ಖರ್ಚಿನ ಮೇಲೆ ಲಾಭ ಕೂಡಿಸಿ ಬೆಲೆ ಹೇಳುವುದು ಅವರಿಗೆ ಗೊತ್ತಿದ್ದ ವ್ಯಾಪಾರ. ಕಾಲೇಜಿನಲ್ಲಿ ಟಾರ್ಗೆಟ್ ಕಾಸ್ಟಿಂಗ್ ಎಂಬ ಪಾಠ ಓದಿದ್ದೆನಲ್ಲ, ನನಗೆ ಬಾಯಿ ಸುಮ್ಮನಿರಲಿಲ್ಲ. 'ತಿರುಗಿಸಿ ನೋಡಣ ಸಾರ್. ಬೆಲೆ ಐವತ್ತು ಅಂತ ಹೇಳಿಬಿಟ್ಟವ್ರೆ. ನಿಮಗೆ ಎಷ್ಟು ಉಳೀಬೇಕು?' ಎಂದೆ. ಡ್ರೈಯರಿನ ಸಾಲದ ಕಂತು ಲೆಕ್ಕ ಹಾಕಿ ಅವರು ಐದು ಎಂದರು. ಐವತ್ತರಲ್ಲಿ ಐದು ಕಳೆದರೆ ನಲವತ್ತೈದು. ಖರ್ಚು ಎಷ್ಟಿದೆ ಅನ್ನುವುದಲ್ಲ, ಎಷ್ಟರೊಳಗಿರಬೇಕು ಅನ್ನುವುದೇ ಪ್ರಶ್ನೆ ಎಂದು ವಿವರಿಸಿದೆ. ಐವತ್ತಮೂರನ್ನು ನಲವತ್ತೈದಕ್ಕೆ ಇಳಿಸಬೇಕು. ಅಂತರ ಎಂಟು ರೂಪಾಯಿ. ಅವರು ನನ್ನನ್ನು ನೋಡಿದ ರೀತಿಗೆ ನಾನು ಉಬ್ಬಿಹೋದೆ.

ಮೂರು ರೂಪಾಯಿ ಸಲೀಸಾಗಿ ಸಿಕ್ಕಿತು. ಕೊಳ್ಳುವವರಿಗೆ ಏನು ಬೇಕು, ಏನು ಬೇಡ ಎಂದು ಒಂದೊಂದನ್ನೇ ಕೇಳುತ್ತ ಹೋದೆ. ಚೀಲ ತಲುಪಿದ ಕೂಡಲೇ ಬಿಚ್ಚಿ ಸುರಿಯುವವರಿಗೆ ಹತ್ತು ಕೇಜಿಯ ಚಿಕ್ಕ ಚೀಲ ಯಾಕೆ? ಇಪ್ಪತ್ತೈದರದ್ದು ಸಾಕು, ಒಂದೂವರೆ ರೂಪಾಯಿ ಉಳಿಯಿತು. ಡ್ರೈಯರಿಗೆಂದು ಚಿಪ್ಪನ್ನು ಮಾರಿ ಸೌದೆ ಕೊಳ್ಳುವ ಬದಲು ಚಿಪ್ಪನ್ನೇ ಉರಿಸಿದರೆ ಒಂದು ರೂಪಾಯಿ. ಲಾರಿ ತುಂಬಿದ ಮೇಲೆಯೇ ಕಳಿಸಿದರೆ ಎಂಟಾಣೆ. ಅಲ್ಲಿಗೆ ನಿಂತಿತು. ಇನ್ನೂ ಐದು ರೂಪಾಯಿ ಬೇಕು, ಆ ವಾರದೊಳಗೆ ಮಾತು ಕೊಡಬೇಕು. ಇಲ್ಲದಿದ್ದರೆ ಫ್ಯಾಕ್ಟರಿಯೇ ಇಲ್ಲ.

ಭಾನುವಾರ ಅವ್ವ ಕಾಯಿ ಹೋಳಿಗೆ ಮಾಡುತ್ತಿದ್ದಳು. ನಾನು ಅಡಿಗೆಮನೆ ಬಾಗಿಲಲ್ಲಿ ಕೂತು ಐದು ರೂಪಾಯಿಯ ಗೋಳು ಹೇಳಿಕೊಂಡೆ. ಕಾಯಿ ತುರಿಯುತ್ತಲೇ ಕೇಳಿಸಿಕೊಂಡಳು. ತುರಿಯಲ್ಲಿ ಕಂದು ಚೂರುಗಳು ಹಾಗೇ ಬೀಳುತ್ತಿದ್ದವು.

'ಅವರದ್ದೂ ಬೆಲ್ಲದ ಹೂರಣ ಅಂತೀಯ. ಬೆಲ್ಲಕ್ಕೆ ಬಿದ್ಮೇಲೆ ಬಿಳೀದು ಯಾವ್ದು ಕೆಂಪ್ದು ಯಾವ್ದು? ಮನೇಲಿ ಹೋಳ್ಗೆಗೆ ಯಾರಾನ ಸಿಪ್ಪೆ ಹೆರೀತಾರೇನೇ?' ಎಂದಳು.

ಮಗಳು ಓದಿದವಳು, ಅವಳಿಗೆ ತಿಳಿಯದ್ದು ತನಗೆ ತಿಳಿಯಿತು ಎಂಬ ಖುಷಿ ಅವಳ ಮುಖದಲ್ಲಿ ಕಂಡಿತು. ತಾನು ಏನು ಹೇಳಿದೆನೆಂದು ಅವಳಿಗೆ ಆ ಕ್ಷಣಕ್ಕೆ ಹೊಳೆಯಲಿಲ್ಲ. ನನಗೆ ಹೊಳೆಯಿತು. ಆದರೂ ಎದ್ದು ಹೋಗಿ ಚೀಟಿಯ ಮೇಲೆ ಲೆಕ್ಕ ಹಾಕಿದೆ.

ಸೋಮವಾರ ಸಿಪ್ಪೆ ಸಮೇತ ಪುಡಿ ಮಾಡಿಸಿ ತೂಗಿಸಿದೆ. ಒಂದು ಕೇಜಿ ಪುಡಿಗೆ ಎಂಟು ಕಾಯಿ ಬೇಕಿದ್ದಲ್ಲಿ ಏಳೇ ಸಾಕಾಯಿತು. ಆ ಒಂದು ಕಾಯಿಯ ಬೆಲೆ ನಾಲ್ಕೂವರೆ ರೂಪಾಯಿ ಉಳಿಯಿತು. ಹೆರೆಯುವ ಕೂಲಿ ಎರಡು ರೂಪಾಯಿ ಉಳಿಯಿತು. ಸಿಪ್ಪೆಯನ್ನು ಎಣ್ಣೆ ಗಾಣಕ್ಕೆ ಮಾರಿ ಬರುತ್ತಿದ್ದ ಒಂದೂವರೆ ಮಾತ್ರ ಹೋಯಿತು. ನಿವ್ವಳ ಐದು. ಸ್ಯಾಂಪಲ್ಲಿನ ಬಿಸ್ಕತ್ತು ಮಾಡಿ ನೋಡಿ ಕಂಪನಿಯವರು ಒಪ್ಪಿದರು. ಯಜಮಾನರು ಆಫೀಸಿಗೆಲ್ಲ ಕಾಫಿ ತರಿಸಿದರು.

ಲಾಭದ ಐದರಲ್ಲಿ ಸ್ವಲ್ಪ ಕಮ್ಮಿ ಮಾಡಿಕೊಳ್ಳಿ ಎಂದು ಒಮ್ಮೆ ಕೇಳಿದ್ದೆ, ಸುಳ್ಳೇಕೆ. ಕಂತು ನೀನು ಕಟ್ತೀಯೇನಮ್ಮ ಎಂದರು. ನಾನು ಎರಡನೇ ಸಲ ಕೇಳಲಿಲ್ಲ. ನಾನೇ ಹೇಳಿಕೊಟ್ಟ ಲೆಕ್ಕ ತಾನೆ, ಅದರಲ್ಲಿ ಬೆಲೆ ಅಲ್ಲಾಡುವುದಿಲ್ಲ, ಲಾಭ ಅಲ್ಲಾಡುವುದಿಲ್ಲ, ಮಧ್ಯದಲ್ಲಿರುವವರು ಸರಿಯಬೇಕು.

ಇಪ್ಪತ್ತೆರಡು ಹೆಂಗಸರಲ್ಲಿ ನಾಲ್ವರನ್ನು ಜರಡಿಗೂ ಚೀಲ ಹೊಲಿಯುವುದಕ್ಕೂ ಇಟ್ಟುಕೊಳ್ಳಬಹುದು, ಹೆಸರು ಬರಿ ಎಂದರು. ಅವ್ವನ ಹೆಸರು ಬರೆಯಲಿಲ್ಲ. ಆಫೀಸಿನಲ್ಲಿರುವ ಮಗಳು ಅವ್ವನನ್ನು ಉಳಿಸಿಕೊಂಡಳು ಅಂತಾರೆ ಎಂಬ ಭಯ. ನ್ಯಾಯ ಮಾಡಿದೆ ಎಂದು ಆಗ ಅಂದುಕೊಂಡೆ. ಈಗ ನೆನೆದರೆ ನನ್ನ ಮೇಲೇ ಸಿಟ್ಟು ಬರುತ್ತದೆ. ಅದು ನ್ಯಾಯವಲ್ಲ, ನನ್ನ ಮರ್ಯಾದೆಯ ಚಿಂತೆ.

ಶನಿವಾರ ಬಟವಾಡೆಯ ಜೊತೆ ಎಲ್ಲರಿಗೂ ವಿಷಯ ಹೇಳಿದರು. ಬಸ್ಸಿನಲ್ಲಿ ಅವ್ವ ನನ್ನ ಪಕ್ಕದಲ್ಲೇ ಕೂತಳು. ತನ್ನ ಚಾಕುವನ್ನು ಬಟ್ಟೆಯಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡಿದ್ದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ತಿಂಗಳು ಕಳೆದ ಮೇಲೆ ಮತ್ತೆ ಹೋಳಿಗೆ ಮಾಡಿದಳು. ಒಳಗೆ ಹೋದರೆ ಕಾಯಿಯನ್ನು ಚಿಪ್ಪಿನಿಂದ ಇಡಿಯಾಗಿ ಬಿಡಿಸಿಕೊಂಡು, ಅದೇ ಚಾಕುವಿನಲ್ಲಿ ಸಿಪ್ಪೆ ಹೆರೆಯುತ್ತಿದ್ದಾಳೆ.

'ಬೆಲ್ಲಕ್ಕೆ ಹಾಕೋದಲ್ವೇನವ್ವ, ಹೆರೆಯೋದ್ಯಾಕೆ?' ಎಂದೆ. ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡೆ.

'ಬುಡು, ಕೈ ಸುಮ್ಕಿರಾಕಿಲ್ಲ' ಎಂದಳು. ಸ್ವಲ್ಪ ಹೊತ್ತು ಹೆರೆದು, ತಲೆ ಎತ್ತದೆ ಕೇಳಿದಳು: 'ಎಂಟು ರೂಪಾಯಿ ಇಳಿಸ್ಬೇಕು ಅಂದಿದ್ಯಲ್ಲ, ಅದ್ರಲ್ಲಿ ನಮ್ ಕೂಲಿ ಎಷ್ಟಿತ್ತೇ?'

'ಎರಡು ರೂಪಾಯಿ.'

'ಒಬ್ಬೊಬ್ರಿಗಾ?'

'ಇಲ್ಲ ಕಣವ್ವ. ಒಂದು ಕೇಜಿಗೆ, ಎಲ್ಲಾರ್ದೂ ಸೇರಿ.'

ಅವಳ ಕೈ ನಿಂತಿತು. 'ಅಷ್ಟೇನಾ? ನಮ್ಮ ಭಾರ ತಡೀಲಾರ್ದೆ ಕಳ್ಸಿದ್ರು ಅಂದ್ಕಂಡಿದ್ದೆ' ಎಂದಳು.

ಆಮೇಲೆ ಹೆರೆದ ಸಿಪ್ಪೆಯನ್ನೆಲ್ಲ ಒಟ್ಟುಮಾಡಿ, ಹಸುವಿನ ಕಲಗಚ್ಚಿಗೆ ಹಾಕಿ ಬಂದು, ಕೈ ತೊಳೆದುಕೊಂಡು ನನಗೆ ಹೋಳಿಗೆ ಬಡಿಸಿದಳು.