ನಾಲ್ಕು ಷರತ್ತುಗಳ ಆ ಒಂದು ಸಾಲು

ಚಿಕ್ಕಬಳ್ಳಾಪುರದ ನಮ್ಮ ಕಾಲೇಜಿನಲ್ಲಿ ನನ್ನ ನೋಟ್ಸ್‌ಗೆ ಒಳ್ಳೆಯ ಹೆಸರಿತ್ತು. ಆ ಹೆಸರಿನ ಕೊಬ್ಬೂ ನನಗಿತ್ತು, ಸುಳ್ಳೇಕೆ ಹೇಳಲಿ. ಶಿಡ್ಲಘಟ್ಟದಿಂದ ಬರುತ್ತಿದ್ದ ಗೆಳತಿಗೆ ಆಪರೇಟಿಂಗ್ ಸಿಸ್ಟಮ್ಸ್ ಒಂದೇ ಪೇಪರ್ ಉಳಿದಿತ್ತು. ಈ ಸಲ ಪಾಸಾಗದಿದ್ದರೆ ಅವಳಿಗೆ ಒಂದು ವರ್ಷ ಹೋಗುತ್ತಿತ್ತು. ನನ್ನದು ಆಗಲೇ ಮುಗಿದಿತ್ತು. "ನಾನಿದ್ದೀನಲ್ಲ, ಹೆದರ್ಬೇಡ ಕಣೇ" ಎಂದು ಇಡೀ ಪಾಠವನ್ನು ಎರಡು ಹಾಳೆಗೆ ಇಳಿಸಿಕೊಟ್ಟೆ.

ಕಂಪ್ಯೂಟರ್ ಯಾವ ಕೆಲಸವನ್ನು ಯಾವಾಗ ಓಡಿಸಬೇಕು ಎನ್ನುವ ಶೆಡ್ಯೂಲಿಂಗ್ ಹಾಳೆಯಲ್ಲಿ ಚೆನ್ನಾಗಿಯೇ ಬಂತು. ಬಂದ ಸರದಿಯಲ್ಲೇ ಓಡಿಸುವುದು ಸರಳ, ಆದರೆ ಉದ್ದದ ಕೆಲಸದ ಹಿಂದೆ ಚಿಕ್ಕವು ಕಾಯುತ್ತವೆ. ಚಿಕ್ಕದನ್ನು ಮೊದಲು ಓಡಿಸಿದರೆ ಸರಾಸರಿ ಕಾಯುವಿಕೆ ಕಡಿಮೆ, ಆದರೆ ಉದ್ದದ್ದಕ್ಕೆ ಸರದಿಯೇ ಸಿಗದೆ ಹೋಗಬಹುದು. ಪ್ರತಿಯೊಂದಕ್ಕೂ ಸ್ವಲ್ಪ ಸ್ವಲ್ಪ ಹೊತ್ತು ಕೊಡುತ್ತ ಸುತ್ತುವ ರೌಂಡ್ ರಾಬಿನ್‌ನಲ್ಲಿ ಎಲ್ಲಕ್ಕೂ ಸರದಿ ಸಿಗುತ್ತದೆ, ಆದರೆ ಕೊಡುವ ಸಮಯ ತೀರಾ ಕಡಿಮೆಯಾದರೆ ಒಂದರಿಂದ ಇನ್ನೊಂದಕ್ಕೆ ಬದಲಾಯಿಸುವುದರಲ್ಲೇ ಹೊತ್ತು ಹೋಗುತ್ತದೆ.

ಎಡವಿದ್ದು ಡೆಡ್‌ಲಾಕ್‌ನಲ್ಲಿ. ಒಂದರ ಬಳಿ ಇರುವುದಕ್ಕೆ ಇನ್ನೊಂದು ಕಾಯುತ್ತ, ಯಾವ ಪ್ರೋಸೆಸ್ಸೂ, ಅಂದರೆ ಓಡುತ್ತಿರುವ ಯಾವ ಕೆಲಸವೂ, ಮುಂದೆ ಹೋಗದ ಸ್ಥಿತಿ ಅದು. ಅದಕ್ಕೆ ನಾಲ್ಕು ಷರತ್ತು: ಒಮ್ಮೆಗೆ ಒಬ್ಬರೇ ಬಳಸಬಹುದಾದ ವಸ್ತು, ಒಂದನ್ನು ಹಿಡಿದುಕೊಂಡೇ ಇನ್ನೊಂದಕ್ಕೆ ಕಾಯುವುದು, ಬಲವಂತವಾಗಿ ಕಿತ್ತುಕೊಳ್ಳಲಾಗದಿರುವುದು, ಸುತ್ತುಹಾಕಿ ಒಬ್ಬರಿಗೊಬ್ಬರು ಕಾಯುವುದು. ನಾಲ್ಕೂ ಒಟ್ಟಿಗೆ ಇದ್ದರೆ ಮಾತ್ರ ಡೆಡ್‌ಲಾಕ್. ತಡೆಯಲು ಯಾವುದಾದರೂ ಒಂದನ್ನು ಮುರಿದರೆ ಸಾಕು. ನಾನು ಕುಗ್ಗಿಸುವ ಆತುರದಲ್ಲಿ, ಯಾವುದಾದರೂ ಒಂದಿದ್ದರೆ ಡೆಡ್‌ಲಾಕ್ ಆಗುತ್ತದೆ ಎಂದು ಬರೆದುಬಿಟ್ಟಿದ್ದೆ.

ಅವಳು ಜೆರಾಕ್ಸ್ ಮಾಡಿಸಲಿಲ್ಲ. ಕೈಯಲ್ಲಿ ಬರೆದರೇ ತಲೆಗೆ ಹತ್ತುತ್ತದೆ ಎಂದು ಲೈಬ್ರರಿಯಲ್ಲಿ ಕೂತು ಬರೆದುಕೊಂಡು, ಹಾಳೆ ವಾಪಸ್ ಕೊಡುವಾಗ ಕೇಳಿದಳು: "ಪ್ರಿಂಟರ್‌ನ ಒಬ್ರು ಹಿಡ್ಕೊಂಡ್ರೆ ಅಷ್ಟಕ್ಕೇ ಡೆಡ್‌ಲಾಕ್ ಆಗ್ಬಿಡುತ್ತಾ? ಅವ್ರು ಮುಗಿಸಿ ಬಿಡ್ತಾರಲ್ಲ?"

"ಬರ್ದಿರೋದನ್ನ ಓದಮ್ಮ ತಾಯಿ, ತಲೆ ತಿನ್ಬೇಡ" ಎಂದೆ.

ಅಂದು ಸಂಜೆ ಮನೆಗೆ ಹೋಗುವ ಚಿಂತಾಮಣಿ ಬಸ್ಸಿನಲ್ಲಿ ಅವಳ ಮಾತು ಕೊರೆಯತೊಡಗಿತು. ಪುಸ್ತಕ ತೆಗೆದು ನೋಡಿದೆ. ನಾಲ್ಕೂ ಒಟ್ಟಿಗೆ ಬೇಕು ಎಂದೇ ಅದರಲ್ಲಿತ್ತು. ಪರೀಕ್ಷೆಗೆ ಇನ್ನೂ ಎರಡು ದಿನವಿತ್ತು, ಫೋನ್ ಕೈಯಲ್ಲೇ ಇತ್ತು. ಅವಳೇ ಸರಿ, ನಾನೇ ತಪ್ಪು ಎಂದು ಹೇಳಲು ನಾಲಿಗೆ ಏಳಲಿಲ್ಲ. ಅದೇ ಪ್ರಶ್ನೆ ಎಲ್ಲಿ ಬರುತ್ತದೆ ಎಂದು ಸಮಾಧಾನ ಮಾಡಿಕೊಂಡೆ. ಥೂ, ನನ್ನ ಜನ್ಮಕ್ಕಿಷ್ಟು.

ಅದೇ ಬಂತು. ಒಂದು ಷರತ್ತು ಇಲ್ಲದಿದ್ದರೂ ಡೆಡ್‌ಲಾಕ್ ಆಗಬಹುದೇ, ಕಾರಣ ಕೊಡಿ. ಆಗಬಹುದು ಎಂದು ಎರಡು ಪುಟ ಬರೆದು ಬಂದಳು. ಸ್ವಲ್ಪದರಲ್ಲೇ ಫೇಲಾದಳು.

ಮುಂದಿನ ಪರೀಕ್ಷೆಗೆಂದು ಮತ್ತೆ ನನ್ನ ಹಾಳೆಯನ್ನೇ ಕೇಳಿದಳು. ನಾನು ಆ ಸಾಲನ್ನು ಸರಿಮಾಡಿ, ಹೊಸ ಹಾಳೆಯಲ್ಲಿ ಎಲ್ಲವನ್ನೂ ಬರೆದು, ಹಳೆಯದೇ ಎಂಬಂತೆ ಕೊಟ್ಟೆ. ಕ್ಯಾಂಟೀನಿನಲ್ಲಿ ಹಿಂದೆ ಬರೆದುಕೊಂಡಿದ್ದ ನೋಟ್ ಪುಸ್ತಕವನ್ನು ಪಕ್ಕದಲ್ಲಿಟ್ಟು ಓದುತ್ತಿದ್ದವಳು ತಟ್ಟನೆ ಓದು ನಿಲ್ಲಿಸಿದಳು.

"ಅಯ್ಯೋ, ನೋಡೇ ಇಲ್ಲಿ! ನಾನೇ ತಪ್ಪು ಬರ್ಕೊಂಡಿದ್ದೀನಿ. ನೀನು ಸರಿಯಾಗೇ ಕೊಟ್ಟಿದ್ದೆ. ಅದು ಸಾಲ್ದೂಂತ ಅವತ್ತು ನಿನ್ ಜೊತೆ ವಾದಕ್ಕೆ ಬೇರೆ ಬಂದಿದ್ದೆ. ಸಾರಿ ಕಣೇ."

"ಹೋಗ್ಲಿ ಬಿಡು" ಎಂದೆ. ಅವಳನ್ನು ನಾನು ಕ್ಷಮಿಸಿದೆ.