ಅರವತ್ತಮೂರು ಕಿಲೋಮೀಟರು

ಶಿರಸಿಯ ಆ ಸೊಸೈಟಿಯಲ್ಲಿ ಲಾರಿ ಬಿಲ್ಲು ಪಾಸಾಗಬೇಕಾದರೆ ಮಹೇಶ್ವರಿಯ ಮೇಜು ದಾಟಬೇಕಿತ್ತು, ಮತ್ತು ಆ ಮೇಜು ದಾಟುವುದು ಅಂದರೆ ದೇವಿಮನೆ ಘಟ್ಟ ಹತ್ತಿದಷ್ಟೇ ಕಷ್ಟ ಎಂದು ಲಾರಿಯವರು ಆಡಿಕೊಳ್ಳುತ್ತಿದ್ದರು. ಬನವಾಸಿ ಕಡೆಯ ಹೆಂಗಸು, ಐವತ್ತೆರಡು ವಯಸ್ಸು, ಇಪ್ಪತ್ತನಾಲ್ಕು ವರ್ಷದ ಸರ್ವೀಸು. ಶಾಲೆಯ ಅಕ್ಕೋರು ಮಕ್ಕಳ ಪಟ್ಟಿ ತಿದ್ದಿದ ಹಾಗೆ ಕೆಂಪು ಪೆನ್ನು ಹಿಡಿದು ಬಿಲ್ಲು ತಿದ್ದುತ್ತಾಳೆಂದು ಅವಳಿಗೆ ಅಕ್ಕೋರು ಎಂದೇ ಹೆಸರು ಬಿತ್ತು. ಮೊದಮೊದಲು ಅದು ಗೇಲಿಯೇ ಆಗಿತ್ತು. ಬರಬರುತ್ತಾ ಎಲ್ಲರೂ ಮರ್ಯಾದೆಯಿಂದಲೇ ಕರೆಯತೊಡಗಿದರು, ಅವಳಿಗೂ ಅದು ಹಿಡಿಸಿತ್ತು.

ಸೊಸೈಟಿಯದು ಹಿಂಡಿ ವ್ಯಾಪಾರ. ಶಿರಸಿಯ ಗೋಡೌನಿನಿಂದ ಸಿದ್ದಾಪುರ, ಯಲ್ಲಾಪುರ ಶಾಖೆಗಳಿಗೆ ದನದ ಹಿಂಡಿಯ ಚೀಲ ಲಾರಿಯಲ್ಲಿ ಹೋಗಬೇಕು. ಕರಾರು ಹೀಗಿತ್ತು: ಒಂದು ಟನ್ನಿಗೆ ಒಂದು ಕಿಲೋಮೀಟರಿಗೆ ಎಂಟು ರೂಪಾಯಿ ಬಾಡಿಗೆ. ಡೀಸೆಲ್ಲಿನ ಮೂಲ ದರ ಎಪ್ಪತ್ತೊಂಬತ್ತು. ತಿಂಗಳ ಒಂದನೇ ತಾರೀಖು ಬಂಕಿನಲ್ಲಿರುವ ದರ ಅದಕ್ಕಿಂತ ಏರಿದ ಒಂದೊಂದು ಪೂರ್ತಿ ರೂಪಾಯಿಗೂ ಬಾಡಿಗೆಯ ಮೇಲೆ ನೂರಕ್ಕೆ ಅರ್ಧ ರೂಪಾಯಿಯಂತೆ ಡೀಸೆಲ್ ಹೆಚ್ಚುವರಿ. ಲೋಡಿಂಗ್ ಟನ್ನಿಗೆ ತೊಂಬತ್ತು, ಅದೂ ಲಾರಿಯವರೇ ಆಳು ತಂದು ತುಂಬಿಸಿದರೆ ಮಾತ್ರ, ಗೋಡೌನ್ ಕೀಪರನ ಚೀಟಿ ಜೊತೆಗಿದ್ದರೆ ಮಾತ್ರ.

ಎಷ್ಟು ಜನ ಅವಳಿಗೆ ಟೋಪಿ ಹಾಕಲು ನೋಡಲಿಲ್ಲ! ಒಬ್ಬ ಲಾರಿಯ ತೂಕವನ್ನೂ ಸೇರಿಸಿ ಹಿಂಡಿಯ ತೂಕವೆಂದು ಬರೆದ. ಇನ್ನೊಬ್ಬ ಬಾಡಿಗೆ, ಲೋಡಿಂಗ್ ಎರಡನ್ನೂ ಕೂಡಿ ಆ ಮೊತ್ತದ ಮೇಲೆ ಡೀಸೆಲ್ ಹೆಚ್ಚುವರಿ ಹಾಕಿದ. "ಹಮಾಲರು ಡೀಸೆಲ್ ಕುಡಿದು ಚೀಲ ಹೊರ್ತಾರೇನ್ರಿ?" ಎಂದು ಅವಳು ಕೇಳಿದ್ದು ಪೇಟೆಯೆಲ್ಲ ಹಬ್ಬಿ ಜನ ನಕ್ಕಿದ್ದರು. ಒಬ್ಬರಿಂದ ಒಂದು ಲೋಟ ಚಹಾ ಕುಡಿದವಳಲ್ಲ. ಗಂಡ ಸತ್ತ ಮೇಲೆ ಒಬ್ಬಳೇ ಮಗಳನ್ನು ಓದಿಸಿ ಮದುವೆ ಮಾಡಿದ್ದು ಈ ಸಂಬಳದಲ್ಲೇ. ಸೊಸೈಟಿಯ ಒಂದು ರೂಪಾಯಿ ಹಾಳಾಗಲು ಬಿಟ್ಟಿಲ್ಲ ಎಂಬುದೊಂದೇ ಅವಳ ಆಸ್ತಿಯಾಗಿತ್ತು.

ನಾಲ್ಕು ವರ್ಷದ ಹಿಂದೆ ಯಲ್ಲಾಪುರದ ಸಾಗಾಟ ಸಿದ್ದಾಪುರದ ಕೆರಿಯಪ್ಪನಿಗೆ ಸಿಕ್ಕಿತು. ಫೈನಾನ್ಸಿನಲ್ಲಿ ತೆಗೆದ ಒಂದೇ ಒಂದು ಹಳೆಯ ಲಾರಿ, ಅದಕ್ಕೆ ಅವನೇ ಮಾಲೀಕ, ಅವನೇ ಡ್ರೈವರ್. ಮೊದಲ ಬಿಲ್ಲಿನಲ್ಲೇ ದೂರ ಅರವತ್ತಮೂರು ಎಂದು ಬರೆದು ತಂದ. ಮಹೇಶ್ವರಿ ಗಾಜಿನಡಿಯ ದೂರದ ಪಟ್ಟಿಯ ಮೇಲೆ ಬೆರಳಿಟ್ಟಳು.

"ಯಲ್ಲಾಪುರ ಶಾಖೆ ಐವತ್ತೆರಡು. ನೋಡ್ರಿ, ಇಲ್ಲೇ ಬರದೈತಿ."

"ಅಕ್ಕೋರೇ, ಪೇಟೆಗೆ ಐವತ್ತೆರಡೇ. ಗೋಡೌನು ಪೇಟೇಲಿಲ್ಲ. ಮತ್ತೆ ಹನ್ನೊಂದು ಕಿಲೋಮೀಟ್ರು ಒಳಗೆ ಹೋಗ್ಬೇಕು."

"ಹಂಗಂತ ಆದೇಶ ಐತೇನು? ಪ್ರತಿ ತರ್ರಿ, ಪಾಸ್ ಮಾಡ್ತೀನಿ."

ಕೆರಿಯಪ್ಪ ಮ್ಯಾನೇಜರ್ ಕಮಲಾಕರನ ಕೋಣೆಗೆ ಹೋದ. "ಮುಂದಿನ ಮೀಟಿಂಗಲ್ಲಿ ಇಡೋಣ" ಎಂಬ ಮಾತು ಹಿಡಿದುಕೊಂಡು ಹೊರಬಂದ. ಕಾಗದ ಬರಲಿಲ್ಲ. ಮಹೇಶ್ವರಿ ಅರವತ್ತಮೂರನ್ನು ಹೊಡೆದು ಐವತ್ತೆರಡು ಮಾಡಿದಳು, ಆಕ್ಷೇಪಣೆ ಪತ್ರ ಬರೆದಳು. ಮರುತಿಂಗಳೂ ಅದೇ ಅಂಕಿ ಬಂತು, ಎರಡನೇ ಪತ್ರ ಹೋಯಿತು. ಮೂರು ಪತ್ರವಾದರೆ ಕರಾರು ರದ್ದು ಎಂಬ ನಿಯಮ ಓದಿ ಹೇಳಿದ ಮೇಲೆ ಕೆರಿಯಪ್ಪ ತೆಪ್ಪಗಾದ. ಆಮೇಲೆ ಮೂರು ವರ್ಷಕ್ಕೂ ಮಿಕ್ಕಿ ಐವತ್ತೆರಡೇ ಬರೆದ. ನೋಡಿದ್ರಾ, ಬಿಗಿ ಹಿಡಿದರೆ ದಾರಿಗೆ ಬರ್ತಾರೆ ಎಂದು ಮಹೇಶ್ವರಿ ಪಕ್ಕದ ಮೇಜಿನವರಿಗೆ ಹೇಳಿಕೊಂಡಳು. ಅವಳ ಮೊಲಕ್ಕೆ ಮೂರೇ ಕಾಲು. ಯಲ್ಲಾಪುರ ಶಾಖೆಗೆ ಒಂದು ಫೋನು ಮಾಡಿದ್ದರೆ ಎರಡು ನಿಮಿಷದ ಕೆಲಸ. ಫೋನು ಅವಳ ಮೊಣಕೈಯ ಹತ್ತಿರವೇ ಇತ್ತು.

ಹೋದ ವರ್ಷ ದೀಪಾವಳಿಯಾದ ಮೇಲೆ ಇದ್ದಕ್ಕಿದ್ದಂತೆ ಕೆರಿಯಪ್ಪ ಮತ್ತೆ ಅರವತ್ತಮೂರು ಬರೆದ ಬಿಲ್ಲು ತಂದಿಟ್ಟ. ಅವಳಿಗೆ ಸಿಟ್ಟು ನೆತ್ತಿಗೇರಿತು.

"ಮತ್ತ ಶುರು ಮಾಡಿದ್ರೇನು? ಇದು ಮೂರನೇದು. ಹಿಂದಕ್ಕ ತಗೊಂಡು ಐವತ್ತೆರಡು ಬರದುಕೊಡ್ರಿ."

"ಇಲ್ಲ ಅಕ್ಕೋರೇ. ಇರೋದು ಅಷ್ಟೇಯ."

"ಲಾರಿ ಕಂತು ಬಾಕಿ ಐತಿ ಅಂತಿದ್ರಿ. ಕರಾರು ಹೋದ್ರ ಏನ್ ಮಾಡ್ತೀರಿ?"

"ಎಂತ ಮಾಡೂದು? ಲಾರಿ ತಗಂಡು ಹೋಗ್ತಾರೆ. ಸುಳ್ಳು ಬರೀಲಿಕ್ಕೆ ಇನ್ನು ನನ್ ಕೈಲಾಗೂದಿಲ್ಲ."

ಅವಳು ಮೂರನೇ ಪತ್ರ ಬರೆದಳು. ಕಮಲಾಕರ ಓದದೆ ಸಹಿ ಹಾಕಿದ. ಎರಡು ತಿಂಗಳಲ್ಲಿ ಫೈನಾನ್ಸಿನವರು ಕೆರಿಯಪ್ಪನ ಲಾರಿಯನ್ನು ಮನೆಯ ಮುಂದಿನಿಂದಲೇ ಒಯ್ದರಂತೆ. ಸುದ್ದಿ ಕೇಳಿ ಅಯ್ಯೋ ಪಾಪ ಅಂದಳು, ಮಾಡಿದ್ದುಣ್ಣೋ ಮಹಾರಾಯ ಎಂದೂ ಅಂದುಕೊಂಡಳು.

ಯಲ್ಲಾಪುರದ ಕೆಲಸ ಹೊರಗಿನ ಒಂದು ದೊಡ್ಡ ಕಂಪನಿಗೆ ಹೋಯಿತು. ಅವರ ಮೊದಲ ಬಿಲ್ಲು ಬಂದಾಗ ಮಹೇಶ್ವರಿ ಕಣ್ಣು ಕಿರಿದು ಮಾಡಿದಳು. ದೂರ: ಅರವತ್ತಮೂರು. ಜೊತೆಗೆ ಜಿಪಿಎಸ್ ಕಾಗದ ಬೇರೆ. ಕೆರಿಯಪ್ಪನೇ ಇವರಿಗೆ ಈ ವಿದ್ಯೆ ಕಲಿಸಿರಬೇಕು ಎನಿಸಿತು. ಈ ಸಲ ಕಳ್ಳತನವನ್ನು ಕಣ್ಣಾರೆ ಹಿಡಿಯಬೇಕೆಂದು ಹಟ ಹಿಡಿದು, ಇಪ್ಪತ್ತನಾಲ್ಕು ವರ್ಷದಲ್ಲಿ ಮೊದಲ ಬಾರಿ, ಹಿಂಡಿ ತುಂಬಿದ ಲಾರಿ ಹತ್ತಿದಳು.

ಡ್ರೈವರ್ ಬೈರ ಗೋಡೌನಿನ ಗೇಟಿನಲ್ಲಿ ಮೀಟರು ತೋರಿಸಿದ. ಅವಳು ಅಂಕಿಯನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಯಲ್ಲಾಪುರ ಪೇಟೆ ಬಂದಾಗ, ಬರೆದುಕೊಂಡ ಅಂಕಿ ಕಳೆದರೆ, ಮೀಟರು ಸರಿಯಾಗಿ ಐವತ್ತೆರಡು ಕಿಲೋಮೀಟರು ತೋರಿಸುತ್ತಿತ್ತು. ಅವಳ ಮುಖ ಅರಳಿತು. ಆದರೆ ಲಾರಿ ನಿಲ್ಲಲಿಲ್ಲ.

"ಎಲ್ಲಿಗೋ ಹೊಂಟೀ? ಶಾಖೆ ಇಲ್ಲೇ ಅಲ್ಲೇನು?"

"ಇಲ್ಲಿ ಎಂತ ಉಂಟು ಅಕ್ಕೋರೇ? ಅದು ಬಟ್ಟೆ ಅಂಗಡಿ ಆಗಿ ಎಷ್ಟು ವರ್ಷ ಆತು."

ಪೇಟೆ ಹಿಂದಾಯಿತು. ಡಾಂಬರು ಕಿತ್ತ ಒಳರಸ್ತೆಗೆ ಲಾರಿ ತಿರುಗಿತು. ಐವತ್ತೈದು, ಐವತ್ತೆಂಟು, ಅರವತ್ತು. ಲಾರಿ ಹಳೆಯ ಅಕ್ಕಿ ಗಿರಣಿಯೊಂದರ ಅಂಗಳದಲ್ಲಿ ನಿಂತಿತು. ಅರವತ್ತಮೂರು.

ಶಾಖೆಯ ಗುಮಾಸ್ತೆ ಜ್ಯೋತಿ ಓಡಿಬಂದಳು. "ಅಯ್ಯೋ, ಮಹೇಶ್ವರಿ ಮೇಡಂ! ಬನ್ನಿ ಬನ್ನಿ."

"ಜ್ಯೋತಿ, ಯಾವಾಗಿಂದ ನೀವು ಇಲ್ಲಿ?"

"ನಾಲ್ಕು ವರ್ಷದ ಮೇಲಾಯ್ತು. ಪೇಟೆಯಲ್ಲಿ ಬಾಡಿಗೆ ಜಾಸ್ತಿ ಕೇಳಿದ್ರಲ್ಲ, ಕಮಲಾಕರ ಸರ್ ಫೋನಲ್ಲೇ ಹೇಳಿದ್ರು, ಇಲ್ಲಿಗೆ ಬಂದ್ವಿ. ರಸೀದಿಗೆ ಒತ್ತೋ ಸಿಕ್ಕಾ ಮಾತ್ರ ಹಳೇದೇ ಇದೆ, ಯಲ್ಲಾಪುರ ಶಾಖೆ ಅಂತ. ನಿಮಗೆ ಗೊತ್ತಿರ್ಲಿಲ್ವಾ?"

ಮಹೇಶ್ವರಿ ನೋಟ್‌ಬುಕ್ಕು ತೆಗೆದು ಅರವತ್ತಮೂರು ಎಂದು ಬರೆದುಕೊಂಡಳು. ಜ್ಯೋತಿ ಕೊಟ್ಟ ನೀರನ್ನು ಕುಡಿಯಲಾಗದೆ ಕೆಳಗಿಟ್ಟಳು.

ಮರುದಿನ ಹಳೆಯ ಬಿಲ್ಲುಗಳನ್ನೆಲ್ಲ ಇಳಿಸಿಕೊಂಡು ಕೂತಳು. ಒಂದು ಟ್ರಿಪ್ಪಿಗೆ ಹತ್ತು ಟನ್ನು. ಹತ್ತು ಟನ್ನು, ಹನ್ನೊಂದು ಕಿಲೋಮೀಟರು, ಎಂಟು ರೂಪಾಯಿ: ಎಂಟುನೂರ ಎಂಬತ್ತು. ತಿಂಗಳಿಗೆ ಆರು ಟ್ರಿಪ್ಪು, ಮೂರೂವರೆ ವರ್ಷ, ಇನ್ನೂರ ಐವತ್ತೆರಡು ಟ್ರಿಪ್ಪು. ಡೀಸೆಲ್ ಹೆಚ್ಚುವರಿ ಬಿಟ್ಟು ಬರೀ ಬಾಡಿಗೆಯಲ್ಲೇ ಎರಡು ಲಕ್ಷದ ಇಪ್ಪತ್ತು ಸಾವಿರ ದಾಟಿತು. ಲಾರಿ ಒಯ್ಯುವಾಗ ಕೆರಿಯಪ್ಪನ ಕಂತಿನ ಬಾಕಿ ತೊಂಬತ್ತು ಸಾವಿರವಿತ್ತಂತೆ. ಆ ಎರಡು ಅಂಕಿಗಳನ್ನು ಅಕ್ಕಪಕ್ಕ ಬರೆದವಳು ಪೆನ್ನು ಕೆಳಗಿಟ್ಟು ಅತ್ತಳು.

ಕಮಲಾಕರ ಲೆಕ್ಕದ ಹಾಳೆಯನ್ನು ಬೆರಳ ತುದಿಯಲ್ಲಿ ಹಿಂದಕ್ಕೆ ತಳ್ಳಿದ.

"ಪ್ರತಿ ಬಿಲ್ಲಿಗೂ ಅವನು 'ಪೂರ್ತಿ ಸಂದಿದೆ' ಅಂತ ಸಹಿ ಹಾಕಿದ್ದಾನೆ. ಆರು ತಿಂಗಳ ಮೇಲೆ ತಕರಾರು ಎತ್ತೋ ಹಾಗಿಲ್ಲ, ಕರಾರಲ್ಲೇ ಇದೆ."

"ಸರ್, ತಪ್ಪು ನಮ್ದು. ನೀವು ಆದೇಶ ಕೊಡಲಿಲ್ಲ, ನಾನು ವಿಚಾರಿಸಲಿಲ್ಲ."

"ಹಾಗಂತ ಬರೆದು ಕೊಡ್ತೀರಾ? ಇಬ್ಬರ ಕೆಲಸವೂ ಹೋಗ್ತದೆ, ಅವನಿಗೆ ಮಾತ್ರ ಒಂದು ಕಾಸೂ ಬರೂದಿಲ್ಲ. ಈ ತಿಂಗಳಿಂದ ಪಟ್ಟಿಯಲ್ಲಿ ಅರವತ್ತಮೂರು ಅಂತ ತಿದ್ದಿ. ಸುಮ್ಮನೆ ಕೂತ್ಕೊಳ್ಳಿ."

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಅವಳು ಪಟ್ಟಿ ತಿದ್ದಿದಳು. ಹೊಸ ಕಂಪನಿಯ ಬಿಲ್ಲು ಅದೇ ದಿನ ಪಾಸಾಯಿತು: ಟ್ರಿಪ್ಪಿಗೆ ಬಾಡಿಗೆ ಐದು ಸಾವಿರದ ನಲವತ್ತು, ಹನ್ನೆರಡು ರೂಪಾಯಿ ಏರಿಕೆಗೆ ನೂರಕ್ಕೆ ಆರರಂತೆ ಡೀಸೆಲ್ ಹೆಚ್ಚುವರಿ ಮುನ್ನೂರ ಎರಡು ರೂಪಾಯಿ ನಲವತ್ತು ಪೈಸೆ. ಒಂದು ಪೈಸೆ ತಪ್ಪಿರಲಿಲ್ಲ.

ಭಾನುವಾರ ಬಸ್ಸು ಹಿಡಿದು ಸಿದ್ದಾಪುರಕ್ಕೆ ಹೋದಳು. ಕೆರಿಯಪ್ಪ ಯಾರದೋ ಲಾರಿಯನ್ನು ರಸ್ತೆ ಬದಿಯಲ್ಲಿ ತೊಳೆಯುತ್ತಿದ್ದ. ಈಗ ದಿನದ ಭತ್ಯೆಯ ಮೇಲೆ ಬೇರೆಯವರ ಡ್ರೈವರ್. ಅವಳನ್ನು ಕಂಡು ಕೈ ಒರೆಸಿಕೊಂಡು ಬಂದ. ಅವಳು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತೆಲ್ಲ ಮರೆತುಹೋಗಿತ್ತು.

"ಅರವತ್ತಮೂರೇ ಖರೆ, ಕೆರಿಯಪ್ಪಾ. ನಾನೇ ಹೋಗಿ ನೋಡಿ ಬಂದೆ. ನೀವು ಒಂದೇ ಒಂದು ಸುಳ್ಳು ಬರದಿರಲಿಲ್ಲ. ನಾನು ನಿಮ್ಮನ್ನ ಕಳ್ಳ ಅಂತ ಮಾಡಿದೆ."

ಕೆರಿಯಪ್ಪ ಬಕೆಟ್ಟನ್ನು ಬೋರಲು ಹಾಕಿ ಅವಳಿಗೆ ಕೂರಲು ಕೊಟ್ಟ.

"ಹಂಗಲ್ಲ ಅಕ್ಕೋರೇ. ಸುಳ್ಳು ಬರೆದಿದ್ದೆ."

"ಏನಂತೀರಿ?"

"ನೀವು ಎರಡು ಸಲ ಕತ್ತರಿಸಿದ್ರಿ. ಕಂತು ತುಂಬೂದಕ್ಕೆ ಆಗ್ತಿರ್ಲಿಲ್ಲ. ಮತ್ತೆ ಗೋಡೌನ್ ಕೀಪರಿಗೆ ಅರ್ಧ ಕೊಡ್ತೆ ಅಂತ ಮಾತಾಡ್ಕಂಡು ಲೋಡಿಂಗ್ ಚೀಟಿ ಮಾಡಿಸ್ದೆ. ಚೀಲ ತುಂಬ್ತಿದ್ದದ್ದು ಸೊಸೈಟಿ ಹಮಾಲ್ರು. ನನ್ನ ಆಳು ತುಂಬಿದ್ದು ಅಂತ ಹತ್ತು ಟನ್ನಿಗೆ ಒಂಬೈನೂರು ಬರೀತಿದ್ದೆ. ಮೂರು ವರ್ಷ."

ಮಹೇಶ್ವರಿಗೆ ಆ ಬಿಲ್ಲುಗಳು ಕಣ್ಣ ಮುಂದೆ ಬಂದವು. ಲೋಡಿಂಗ್, ಹತ್ತು ಟನ್ನು, ತೊಂಬತ್ತರ ದರ, ಚೀಟಿ ಇದೆ. ಪ್ರತಿಯೊಂದಕ್ಕೂ ಅವಳೇ ಟಿಕ್ ಹಾಕಿದ್ದಳು.

"ಒಂದಿನ ಮನೆದೇವ್ರ ಮುಂದೆ ನಿಂತಾಗ ಸಾಕಪ್ಪಾ ಇದು ಅನ್ನಿಸ್ತು," ಎಂದ ಕೆರಿಯಪ್ಪ. "ಕೊನೇ ಬಿಲ್ಲಲ್ಲಿ ಲೋಡಿಂಗ್ ಬರೀಲೇ ಇಲ್ಲ. ಇದ್ದ ದೂರ ಇದ್ದಂಗೆ ಬರದೆ. ಪೂರಾ ನಿಜ ಇದ್ದ ಬಿಲ್ಲು ಅದೊಂದೇಯ. ಲೋಡಿಂಗ್ ಬಿಟ್ಟದ್ದು ನೀವು ನೋಡ್ತೀರಿ ಅಂದ್ಕಂಡಿದ್ದೆ."

ಬಿಲ್ಲಿನಲ್ಲಿ ಬರೆದದ್ದನ್ನು ಮಾತ್ರ ಅವಳು ಪರೀಕ್ಷಿಸುತ್ತಿದ್ದಳು. ಬರೆಯದೆ ಬಿಟ್ಟದ್ದನ್ನು ಯಾವತ್ತೂ ನೋಡಿರಲಿಲ್ಲ.

"ಬಸ್ಸಿಗೆ ಹೊತ್ತಾತು, ಏಳಿ ಅಕ್ಕೋರೇ," ಎಂದು ಕೆರಿಯಪ್ಪ ಬಕೆಟ್ಟು ಎತ್ತಿಕೊಂಡ. "ಈ ಲಾರಿ ಸಂಜೆ ಒಳಗೆ ಮಾಲೀಕರಿಗೆ ಒಪ್ಪಿಸ್ಬೇಕು."