ಅಲಮಾರಿ ಸೇರಿದ ಪ್ರೋಟೀನ್ ಡಬ್ಬಿ

ಬಸವಕಲ್ಯಾಣದ ನಮ್ಮ ಮನೆಯಲ್ಲಿ ಬೀಗ ಹಾಕುವುದು ಎರಡಕ್ಕೇ. ಒಂದು ಮುಂಬಾಗಿಲು, ಇನ್ನೊಂದು ಅವ್ವನ ಕಬ್ಬಿಣದ ಅಲಮಾರಿ. ಬಂಗಾರ, ಹೊಲದ ಕಾಗದಪತ್ರ, ಅವ್ವನ ಮದುವೆ ಸೀರೆ ಇರುವ ಆ ಅಲಮಾರಿಯೊಳಗೆ ಒಂದು ಬೆಳಿಗ್ಗೆ ನನ್ನ ಪ್ರೋಟೀನ್ ಪುಡಿಯ ಡಬ್ಬಿಯೂ ಹೋಗಿ ಕೂತಿತು.

ನಾನು ಶಾಲೆಯಲ್ಲಿ ಪಿ.ಟಿ. ಟೀಚರ್. ಸಂಜೆ ಜಿಮ್‌ಗೆ ಹೋಗಿ ಭಾರ ಎತ್ತುತ್ತೇನೆ. ನಮ್ಮದು ಮೊಟ್ಟೆ ಕೂಡ ಒಳಗೆ ಬಾರದ ಮನೆ. ರೊಟ್ಟಿ, ಬೇಳೆ, ಮೊಸರು ಉಂಡು ಎತ್ತುವಷ್ಟು ಎತ್ತಿದೆ. ಆಮೇಲೆ ಜಿಮ್‌ನಲ್ಲಿ ಕಲಿಸುವ ಅಕ್ಕ ಹೇಳಿದಳೆಂದು ಪುಡಿ ತಂದೆ. ದಿನಕ್ಕೊಂದು ಚಮಚೆ, ಹಾಲಿನಲ್ಲಿ ಕಲಸಿ ಕುಡಿಯುವುದು. ಚಾಕೊಲೇಟ್ ರುಚಿಯದು.

ಅಷ್ಟರಲ್ಲಿ ಚಿಟಗುಪ್ಪದಿಂದ ಸೋದರತ್ತೆ ಬಂದಳು. ಅವಳು ಬರಿಗೈಯಲ್ಲಿ ಬರುವವಳಲ್ಲ, ಬಿಸ್ಕೀಟಿನ ಜೊತೆ ಒಂದು ಸುದ್ದಿಯನ್ನೂ ತರುತ್ತಾಳೆ.

"ನಮ್ಮ ಓಣ್ಯಾಗ ಒಬ್ಬ ಹುಡುಗ ಇಂಥಾದೇ ಪುಡಿ ಕುಡದು ಕಿಡ್ನಿ ಕಳ್ಕೊಂಡಾನಂತ" ಎಂದಳು.

ಯಾವ ಹುಡುಗ, ಏನು ಕಾಯಿಲೆ, ಯಾವುದೂ ಅವಳಿಗೆ ಗೊತ್ತಿರಲಿಲ್ಲ. ಅವ್ವನಿಗೆ ಅದು ಬೇಕಾಗಿಯೂ ಇರಲಿಲ್ಲ. ಡಬ್ಬಿ ಎತ್ತಿಕೊಂಡು ಅಲಮಾರಿಗೆ ಹಾಕಿ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿದಳು.

"ಲಗ್ನ ಆಗೋ ಹುಡುಗಿ. ನಾಳೆ ಏನರ ಆದ್ರ ಯಾರು ಜವಾಬ್ದಾರ?"

ನನಗೆ ಉರಿದುಹೋಯಿತು. ಮೂವತ್ತರ ಹತ್ತಿರ ಬಂದವಳನ್ನು ಎಲ್.ಕೆ.ಜಿ. ಮಗುವಿನಂತೆ ನೋಡಿದರೆ ಯಾರಿಗೆ ಉರಿಯುವುದಿಲ್ಲ? ಮಾತು ಬಿಟ್ಟೆ. ಅವ್ವನೂ ಬಿಟ್ಟಳು. ಹಟದಲ್ಲಿ ನಾನು ಅವಳ ಮಗಳೇ. ಕೊನೆಗೆ ಅಪ್ಪ ನಡುವೆ ಬಂದು, ಹುಮನಾಬಾದಿನ ಡಾಕ್ಟರನ್ನು ಕೇಳುವುದು, ಅವರು ಹೇಳಿದಂತೆ ಇಬ್ಬರೂ ನಡೆಯುವುದು ಎಂದು ಒಪ್ಪಿಸಿದ. ಆದರೆ ಒಂದು ವಾರ ಮದುವೆ, ಮುಂದಿನ ವಾರ ಹೊಲದ ಕೆಲಸ ಎನ್ನುತ್ತಾ ಎರಡು ತಿಂಗಳು ಹೋಯಿತು. ನಡುವೆ ಒಮ್ಮೆ ಅವ್ವನ ಸ್ಟೀಲ್ ಲೋಟದಿಂದ ಚಾಕೊಲೇಟ್ ವಾಸನೆ ಬಡಿಯಿತು. ಅತ್ತೆಯ ಬಿಸ್ಕೀಟಿನದಿರಬೇಕು ಎಂದುಕೊಂಡು ತೊಳೆದಿಟ್ಟೆ.

ಹುಮನಾಬಾದಿನ ಆ ಡಾಕ್ಟರು ಬಹಳ ವರ್ಷದ ಹಿಂದೆ ಅವ್ವನಿಗೆ ಸಕ್ಕರೆ ಕಾಯಿಲೆ, ಬಿಪಿ ಎರಡೂ ಇವೆಯೆಂದು ಕಂಡುಹಿಡಿದವರು. ಆಮೇಲೆ ಅವ್ವ ಅವರ ಮುಖ ನೋಡಿರಲಿಲ್ಲ. ಅದೇ ಹಳೆಯ ಚೀಟಿ ತೋರಿಸಿ ಔಷಧಿ ಅಂಗಡಿಯಿಂದ ಮಾತ್ರೆ ತರಿಸಿಕೊಳ್ಳುತ್ತಿದ್ದಳು. ಈಗ ನನ್ನ ಕೈಹಿಡಿದು ಅವರ ಮುಂದೆ ಕೂರಿಸಿದ ರೀತಿ ನೋಡಿದರೆ ಕಳ್ಳನನ್ನು ಠಾಣೆಗೆ ತಂದವಳಂತಿದ್ದಳು.

ಡಾಕ್ಟರು ನನ್ನ ಬಿಪಿ ನೋಡಿದರು, ರಕ್ತ ಮತ್ತು ಮೂತ್ರದ ಪರೀಕ್ಷೆಗೆ ಬರೆದರು. ಮಧ್ಯಾಹ್ನ ರಿಪೋರ್ಟ್ ಬಂತು. ಕ್ರಿಯಾಟಿನಿನ್ ಎಂಬುದರ ಮುಂದಿನ ಅಂಕಿ ಮಿತಿಗಿಂತ ಕೂದಲೆಳೆಯಷ್ಟು ಮೇಲಿತ್ತು. ಅವ್ವ ನನ್ನತ್ತ ತಿರುಗಿದಳು.

"ಗಾಬರಿ ಆಗಬ್ಯಾಡ್ರಿ" ಎಂದರು ಡಾಕ್ಟರು. "ಇದು ಸ್ನಾಯುದಿಂದ ಬರೋ ವಸ್ತು. ಭಾರ ಎತ್ತವರಿಗೆ ಸ್ನಾಯು ಜಾಸ್ತಿ, ಅದಕ್ಕ ಇದೂ ಜರಾ ಮ್ಯಾಲೆ ಇರಬಹುದು. ಇದೊಂದೇ ನೋಡಿ ಕಿಡ್ನಿ ಕೆಟ್ಟದ ಅನ್ನಂಗಿಲ್ಲ. ಮೂತ್ರದಾಗ ಪ್ರೋಟೀನ್ ಸೋರಿಲ್ಲ, ಬಿಪಿನೂ ಬರೋಬ್ಬರಿ ಅದ. ಸ್ವಲ್ಪ ದಿನ ಬಿಟ್ಟು ಇನ್ನೊಮ್ಮೆ ನೋಡೋಣು."

"ಹಂಗಾರ ಪುಡಿ?" ಎಂದು ಕೇಳಿದೆ.

"ಊಟದಾಗ ಕಮ್ಮಿ ಬೀಳೋದು ತುಂಬಿಸ್ಕೋಳಾಕ ಒಂದ್ ಚಮಚೆ ಕುಡೀರಿ. ಪ್ರೋಟೀನ್ ಜಾಸ್ತಿ ಬಂದ್ರ ಗಟ್ಟಿ ಇದ್ದ ಕಿಡ್ನಿ ಸೋಸೋದು ಜಾಸ್ತಿ ಮಾಡ್ತದ, ಅದು ಅದರ ಸ್ವಭಾವ. ಆರೋಗ್ಯ ಇದ್ದವರಿಗೆ ಅದರಿಂದ ಕಿಡ್ನಿ ಹಾಳಾಗ್ತದ ಅನ್ನಾಕ ಇಲ್ಲಿತನಕ ಪುರಾವೆ ಇಲ್ಲ. ಆದ್ರ ವರ್ಷಗಟ್ಟಲೆ ಬಹಳ ಬಹಳ ತಗೊಂಡ್ರ ಏನಂತ ಪೂರಾ ಗೊತ್ತೂ ಇಲ್ಲ. ಹಂಗಂತ ಡಬ್ಬಿಗಟ್ಟಲೆ ಸುರೀಬ್ಯಾಡ್ರಿ."

ಗೆದ್ದವಳಂತೆ ಅವ್ವನನ್ನು ನೋಡಿದೆ. ಅವಳು ಡಾಕ್ಟರನ್ನೇ ನೋಡುತ್ತಿದ್ದಳು.

"ಫಿಕರ್ ಮಾಡಬೇಕಾದವರು ಬ್ಯಾರೆ ಅದಾರ" ಎಂದು ಅವರು ಮುಂದುವರಿಸಿದರು. "ಮೊದಲೇ ಕಿಡ್ನಿ ತೊಂದರಿ ಇದ್ದವರು, ಒಂದೇ ಕಿಡ್ನಿ ಇದ್ದವರು, ಕಿಡ್ನ್ಯಾಗ ಹಳ್ಳು, ಅಂದ್ರ ಕಲ್ಲು ಆದವರು, ಮನ್ಯಾಗ ಯಾರಿಗರ ಕಿಡ್ನಿ ಕಾಯಿಲೆ ಇದ್ದವರು, ಬಸುರಿ ಹೆಂಗಸರು. ಮತ್ತ ಸಕ್ಕರಿ, ಬಿಪಿ ಇದ್ದವರು. ಇವರು ಡಬ್ಬಿ ತೆಗೆಯೋಕಿಂತ ಮೊದಲ ನಮ್ಮನ್ನ ಕೇಳಬೇಕು."

ಅವ್ವ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು.

"ನಾನೂ ಕುಡ್ಯಾಕತ್ತೇನ್ರಿ" ಎಂದಳು.

ಡಾಕ್ಟರು ಅವಳತ್ತ ತಿರುಗಿ, ಯಾಕೆಂದು ಕೇಳಿದರು.

"ಅಷ್ಟು ತುಟ್ಟಿ ಪುಡಿ, ಇಟ್ಟು ಹಾಳು ಮಾಡೋದ್ಯಾಕಂತ. ಇಕೀಗೆ ಬ್ಯಾಡ ಅಂದೆ, ಚೆಲ್ಲಾಕ ಮನಸು ಬರಲಿಲ್ಲ. ಮೊಣಕಾಲಿಗೂ ತಾಕತ್ ಬರ್ತದಂತ ದಿನಾ ಎರಡ್ ಚಮಚೆ."

ಮಗಳ ಕಿಡ್ನಿ ಉಳಿಸಲು ಕಸಿದುಕೊಂಡ ವಿಷವನ್ನು, ಚೆಲ್ಲಿದರೆ ನಷ್ಟವೆಂದು ತಾನೇ ಕುಡಿದು ಖಾಲಿ ಮಾಡುತ್ತಿದ್ದಳು. ನಗಬೇಕೋ ಕೂಗಾಡಬೇಕೋ ತಿಳಿಯಲಿಲ್ಲ. ಡಾಕ್ಟರು ನಗಲಿಲ್ಲ. ಮೊಣಕಾಲಿಗೆ ಬೇರೇನು ನುಂಗುತ್ತೀರಿ ಎಂದು ಕೇಳಿದರು. ಅಂಗಡಿಯವನು ಕೊಡುವ ನೋವಿನ ಗುಳಿಗೆ, ನೋವು ಬಂದಾಗೆಲ್ಲ, ಎಂದಳು ಅವ್ವ. ಕೊನೆಯ ಸಲ ಮೂತ್ರ ಪರೀಕ್ಷೆ ಮಾಡಿಸಿದ್ದು ಯಾವಾಗೆಂದು ಕೇಳಿ, ಅವಳಿಗೂ ಅದೇ ಪರೀಕ್ಷೆ ಬರೆದರು.

ನನ್ನ ಮೂತ್ರದಲ್ಲಿ ಇಲ್ಲದ ಪ್ರೋಟೀನ್ ಅವ್ವನದರಲ್ಲಿತ್ತು. ಎರಡು ತಿಂಗಳ ಪುಡಿಯಿಂದ ಆದದ್ದಲ್ಲ, ವರ್ಷಗಳ ಸಕ್ಕರೆ ಮತ್ತು ಬಿಪಿ ಸದ್ದಿಲ್ಲದೆ ಮಾಡಿದ ಕೆಲಸವಿರಬೇಕು ಎಂದರು ಡಾಕ್ಟರು. ದಣಿದ ಕಿಡ್ನಿಗಳ ಮೇಲೆ ಇನ್ನಷ್ಟು ಹೊರೆ ಹಾಕುವುದು ಬೇಡ, ನೋವಿನ ಗುಳಿಗೆ ಮೊದಲು ಬಿಡಿ, ಪುಡಿಯೂ ಬಿಡಿ, ಮನೆಯ ಬೇಳೆ ರೊಟ್ಟಿ ಸಾಕು ಎಂದು ಹೇಳಿ ಮಾತ್ರೆ ಬದಲಿಸಿದರು. ಬೇಗ ಗೊತ್ತಾಯಿತು, ಹಿಡಿದು ನಿಲ್ಲಿಸಬಹುದು ಎಂದರು. ಆಮೇಲಿನ ಪರೀಕ್ಷೆಗಳಲ್ಲಿ ಸೋರಿಕೆ ಕಡಿಮೆಯಾಗಿದೆ. ಆದರೆ ಆ ಹೊತ್ತಿನಲ್ಲಿ ನನಗೆ ಭಯವೇ ಆಗಿತ್ತು, ಬರೀ ಭಯ.

ಅವ್ವನ ಕಿಡ್ನಿ ನೋಡಲು ಡಾಕ್ಟರು ಪಕ್ಕದ ಕಟ್ಟಡಕ್ಕೆ ಸ್ಕ್ಯಾನಿಂಗ್‌ಗೆ ಕಳಿಸಿದರು. ಅಲ್ಲಿನ ಡಾಕ್ಟರಮ್ಮ ಅವ್ವನ ಬೆನ್ನ ಬದಿಗೆ ತಣ್ಣನೆಯ ಜೆಲ್ ಹಚ್ಚಿ, ನಮಗೂ ಕಾಣಲೆಂದು ಪರದೆಯನ್ನು ತಿರುಗಿಸಿದರು. ಬೂದು ಮಸುಕಿನಲ್ಲಿ ಮುಷ್ಟಿಯಷ್ಟು ಗಾತ್ರದ್ದೊಂದು ಮಲಗಿತ್ತು. ಅವರು ಒಂದು ಗುಂಡಿ ಒತ್ತಿದರು. ಕೂಡಲೇ ಅದರೊಳಗೆ ಕೆಂಪು ಮತ್ತು ನೀಲಿ ಕೊಂಬೆಕೊಂಬೆಯಾಗಿ ಹರಡಿ ಮಿಡಿಯತೊಡಗಿತು. ರಕ್ತ ಒಳಗೆ ಹೋಗುತ್ತಿತ್ತು, ಹೊರಗೆ ಬರುತ್ತಿತ್ತು, ಒಂದು ಬಡಿತವನ್ನೂ ಬಿಡದೆ. ಭಾರ ಎತ್ತುವ ನನ್ನ ತೋಳಿನ ಬಗ್ಗೆ ನನಗೆ ಬಹಳ ಜಂಬ. ಆ ಮುಷ್ಟಿಯ ಮುಂದೆ ಅದು ಏನೂ ಅಲ್ಲ ಅನಿಸಿತು.

"ಮೈಯ್ಯಾಗಿನ ರಕ್ತ ಎಲ್ಲಾ ದಿನಕ್ಕ ಎಷ್ಟೋ ಸಲ ಇಲ್ಲೇ ಹಾದು ಹೋಗ್ತದ್ರಿ" ಎಂದರು ಡಾಕ್ಟರಮ್ಮ. "ಇದರಾಗ ಲಕ್ಷಗಟ್ಟಲೆ ಸಣ್ಣ ಸಣ್ಣ ಜರಡಿ ಅದಾವ."

"ನಾ ಮಲಗಿದಾಗ?" ಎಂದಳು ಅವ್ವ.

"ಆವಾಗೂ ನಡದಿರ್ತದ್ರಿ."

ಅವ್ವ ಪರದೆಯಿಂದ ಕಣ್ಣು ತೆಗೆಯಲಿಲ್ಲ. ಮಾಣಿಕನಗರದ ಗದ್ದುಗೆಯ ಮುಂದೆ ಕೈಮುಗಿದು ನಿಂತಾಗ ಮಾತ್ರ ಅವಳ ಮುಖ ಹಾಗಿರುವುದನ್ನು ನಾನು ಕಂಡಿದ್ದೆ.

ವಾಪಸು ಬಸ್ಸಿನಲ್ಲಿ ಅವಳು ಎರಡೂ ಅಂಗೈಗಳನ್ನು ಹಿಂದೆ ತಂದು, ಸೊಂಟದ ಮೇಲ್ಗಡೆ ಬೆನ್ನಿಗೆ ಒತ್ತಿ ಹಿಡಿದಿದ್ದಳು.

"ಇಷ್ಟು ವರ್ಷ ದುಡಿದಾವ, ಒಂದ್ ಮಾತರ ಆಡ್ಯಾವೇನು ನೋಡು" ಎಂದಳು.

ಬೀಗದ ಕೈಯನ್ನು ಸೊಂಟದಿಂದ ಬಿಚ್ಚಿ ನನ್ನ ತೊಡೆಯ ಮೇಲಿಟ್ಟಳು. ಡಬ್ಬಿಯಲ್ಲಿ ಇನ್ನೂ ಕಾಲು ಪಾಲು ಇದೆ, ತೆಗೆದುಕೋ ಎಂದಳು. ಆಮೇಲೆ, ನಾನು ಕಿಟಕಿಯಾಚೆ ನೋಡುತ್ತಿದ್ದಾಗ, ಅವಳ ಒಂದು ಅಂಗೈ ನನ್ನ ಬೆನ್ನಿಗೆ ಬಂತು. ಪಕ್ಕೆಲುಬು ಮುಗಿಯುವ ಕಡೆ, ಸ್ಕ್ಯಾನಿಂಗ್ ಡಾಕ್ಟರಮ್ಮ ಅವಳಿಗೆ ತೋರಿಸಿದ ಜಾಗದಲ್ಲೇ ನಿಂತಿತು.

"ನಿನ್ನವೂ ನಡದಾವಲ್ಲ?" ಎಂದು ಮೆಲ್ಲಗೆ ಕೇಳಿದಳು. ಊರು ಬರುವವರೆಗೂ ಆ ಕೈ ತೆಗೆಯಲಿಲ್ಲ.